ಚಿಕ್ಕಮ್ಮನ ಅಂಗಡಿ ಮತ್ತೆ ಎದ್ದ ಬಗೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಶಿವಮೊಗ್ಗದಲ್ಲಿ ಕ್ಷೇಮವಾಗಿದ್ದೇವೆ. ನೀನು ಈಗಿನ ಕೆಲಸ ಬಿಟ್ಟು ಸ್ವಂತ ಹೊಲಿಗೆ ಅಂಗಡಿ ತೆರೆಯುವ ಯೋಚನೆಯಲ್ಲಿರುವುದನ್ನು ನಿನ್ನ ಅಪ್ಪ ಹೇಳಿದರು. ಸಾಲ ಮಾಡಿ ಒಮ್ಮೆಗೇ ನಾಲ್ಕು ಮೆಷಿನ್ ಕೊಳ್ಳುವುದೋ, ಇಲ್ಲ ಒಂದರಿಂದ ಶುರು ಮಾಡುವುದೋ ಎಂದು ನೀನು ಕೇಳಿದ್ದೀಯೆ. ಆ ಪ್ರಶ್ನೆಗೆ ನನಗೆ ತಿಳಿದಿರುವ ಉತ್ತರವೆಲ್ಲ 2019ರಲ್ಲಿ ನಿನ್ನ ಚಿಕ್ಕಮ್ಮ ತನ್ನ ಅಂಗಡಿಯನ್ನು ಮತ್ತೆ ಎಬ್ಬಿಸಿದ ಕಥೆಯಲ್ಲಿದೆ. ಆಗ ನೀನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದೆ, ಪರೀಕ್ಷೆಯ ಹೊತ್ತಿನಲ್ಲಿ ನಿನಗೆ ಹೆಚ್ಚೇನೂ ಹೇಳುವುದು ಬೇಡವೆಂದು ಅವಳೇ ತಡೆದಿದ್ದಳು. ಸಂಜೆಯ ಹೊತ್ತು ಹುಕ್ಸು ಹಾಕಲು, ಫಾಲ್‌ಗೆ ಕೈಹೊಲಿಗೆ ಹಾಕಲು ಅವಳ ಜೊತೆ ಕೂರುತ್ತಿದ್ದುದರಿಂದ ನಾನು ಎಲ್ಲವನ್ನೂ ಹತ್ತಿರದಿಂದ ಕಂಡೆ.

ಹೊಲಿಗೆಯವರ ವರ್ಷ ಹೇಗಿರುತ್ತದೆಂಬುದು ನಿನಗೆ ಗೊತ್ತು. ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಯಲ್ಲಿ ಕೆಲಸವೂ ಇಲ್ಲ. ಶ್ರಾವಣ ಹುಟ್ಟಿದೊಡನೆ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಸೀರೆ, ರವಿಕೆ ಕಣಗಳು ಒಟ್ಟೊಟ್ಟಿಗೆ ಬಂದು ಬೀಳುತ್ತವೆ. ಆ ವರ್ಷ ವ್ರತ ಆಗಸ್ಟ್ 9ರ ಶುಕ್ರವಾರ ಬಿದ್ದಿತ್ತು. ಅದೇ ದಿನಗಳ ಆಸುಪಾಸಿನಲ್ಲಿ ಘಟ್ಟದ ಮೇಲೆ ಬಿಡದೆ ಮಳೆ ಸುರಿದು, ಗಾಜನೂರಿನ ಅಣೆಕಟ್ಟಿನಿಂದ ಇಳಿದ ನೀರಿನೊಂದಿಗೆ ತುಂಗೆ ಉಕ್ಕಿ ನಮ್ಮೂರಿನ ತಗ್ಗು ಬಡಾವಣೆಗಳಿಗೆ ನುಗ್ಗಿತು. ಚಿಕ್ಕಮ್ಮನ ಅಂಗಡಿಯಲ್ಲಿ ನೀರು ಮೊಳಕಾಲಿನ ಮೇಲಕ್ಕೆ ನಿಂತಿತ್ತು. ವರ್ಷದಲ್ಲೇ ಅತಿ ಹೆಚ್ಚು ಬಟ್ಟೆ ಅಂಗಡಿಯಲ್ಲಿದ್ದ ವಾರದಲ್ಲಿ ಇದು ನಡೆಯಿತು ಎಂಬುದನ್ನು ನೀನು ಗಮನಿಸಬೇಕು. ಏಕೆಂದರೆ ಹೊಲಿಗೆ ಅಂಗಡಿಯಲ್ಲಿ ಮೆಷಿನ್, ಮೇಜು ನಮ್ಮವಾದರೂ ಕಪಾಟಿನಲ್ಲಿರುವ ಬಟ್ಟೆ ನಮ್ಮದಲ್ಲ.

ನೀರಿಳಿದ ಮೇಲೆ ಬಾಗಿಲು ತೆಗೆದವಳು ಮೊದಲು ಮೆಷಿನ್‌ಗಳ ಕಡೆ ನೋಡಲೇ ಇಲ್ಲ. ಕೆಳಗಿನ ಎರಡು ಅರೆಗಳಲ್ಲಿದ್ದ ಗಂಟುಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಒದ್ದೆ ಬಟ್ಟೆಯನ್ನು ಹಾಗೆಯೇ ಬಿಸಿಲಿಗೆ ಹಾಕುವುದು ಎಲ್ಲರಿಗೂ ತೋಚುವ ಕೆಲಸ. ಆದರೆ ಹೊಳೆಯ ಕೆಸರು ಎಳೆಗಳ ನಡುವೆ ಒಣಗಿತೆಂದರೆ ಆ ಕಲೆ ಮತ್ತೆ ಹೋಗುವುದಿಲ್ಲ. ಆದ್ದರಿಂದ ನಮ್ಮ ಮನೆಯ ಅಂಗಳಕ್ಕೆ ಎಲ್ಲವನ್ನೂ ತಂದು, ಮೊದಲು ತಿಳಿನೀರಿನಲ್ಲಿ ಉಜ್ಜದೆ ಅದ್ದಿ ಅದ್ದಿ ತೆಗೆದು, ಹಿಂಡದೆ ಹಳೆಯ ಪಂಚೆಗಳ ಮಡಿಕೆಯಲ್ಲಿಟ್ಟು ನೀರು ಹೀರಿಸಿ, ರೇಷ್ಮೆಯನ್ನೂ ಜರಿಯಂಚಿನ ಕಣಗಳನ್ನೂ ನೆರಳಿನಲ್ಲಿ ಹರವಿದಳು. ಕೆಂಪು, ಕಡುನೀಲಿ, ಗಿಳಿಹಸಿರು ಬಣ್ಣಗಳನ್ನು ಬೇರೆ ಬೇರೆ ಬಕೆಟ್ಟುಗಳಿಗೆ ಹಾಕಿದಳು. ಅಷ್ಟಾದರೂ ಕೆಲವು ಕೈತಪ್ಪಿದ್ದವು. ಒಂದು ಗಂಟಿನಲ್ಲಿ ಕುಂಕುಮ ಬಣ್ಣದ ಕಣ ಪಕ್ಕದ ಕೆನೆಬಣ್ಣದ ರೇಷ್ಮೆಗೆ ಬಣ್ಣ ಬಿಟ್ಟು, ಅದು ಅಲ್ಲಲ್ಲಿ ಗುಲಾಬಿಯಾಗಿತ್ತು.

ಯಾವ ಗಂಟು ಯಾರದೆಂದು ತಿಳಿಯುವುದಕ್ಕೆ ಅವಳನ್ನು ಕಾಪಾಡಿದ್ದು ಒಂದು ಸಣ್ಣ ಸಂಗತಿ. ಬಟ್ಟೆಗೆ ಚುಚ್ಚುವ ಚೀಟಿಗಳನ್ನು ಅವಳು ಬಾಲ್ ಪೆನ್ನಿನಲ್ಲಿ ಬರೆಯುತ್ತಿದ್ದಳು. ಆ ಶಾಯಿ ಎಣ್ಣೆಯಲ್ಲಿ ಕಲಸಿದ್ದಾದ್ದರಿಂದ ಚೀಟಿ ನೆನೆದು ಮೆತ್ತಗಾಗಿದ್ದರೂ ನಂಬರು, ಹೆಸರು ಓದಲು ಬರುತ್ತಿದ್ದವು. ಅಳತೆ ಪುಸ್ತಕವನ್ನು ಮಾತ್ರ ಅಂದವಾಗಿರಲೆಂದು ಜೆಲ್ ಪೆನ್ನಿನಲ್ಲಿ ಬರೆದಿದ್ದಳು. ಅದರ ಹಾಳೆಗಳು ಒಂದೇ ನೀಲಿ ಬಣ್ಣಕ್ಕೆ ತಿರುಗಿ, ವರ್ಷಗಳಿಂದ ಕೂಡಿಸಿದ್ದ ಅಳತೆಗಳೆಲ್ಲ ಹೋದವು. ನೀನು ಅಂಗಡಿ ತೆರೆದರೆ ಚೀಟಿಗೂ ಪುಸ್ತಕಕ್ಕೂ ಬಾಲ್ ಪೆನ್ನನ್ನೇ ಬಳಸು, ಪ್ರತಿ ವಾರ ಪುಸ್ತಕದ ಹಾಳೆಗಳ ಫೋಟೋವನ್ನು ಫೋನಿನಲ್ಲಿ ತೆಗೆದಿಟ್ಟುಕೋ.

ಗಿರಾಕಿಗಳು ಕೇಳಿಕೊಂಡು ಬರುವ ಮೊದಲೇ ಅವಳು ಅವರ ಮನೆಗಳಿಗೆ ಹೋದಳು. ಚೆನ್ನಾಗಿ ಉಳಿದ ಬಟ್ಟೆಯನ್ನು ಇಸ್ತ್ರಿ ಮಾಡಿ ಹೊಲಿಯದೆಯೇ ಹಿಂದಿರುಗಿಸಿ, ಮುಂಗಡ ಕೊಟ್ಟಿದ್ದವರಿಗೆ ಹಣವನ್ನೂ ಕೊಟ್ಟಳು. ಕೆಟ್ಟುಹೋದ ಕಣಗಳನ್ನು ಮುಚ್ಚಿಡದೆ ಬಿಡಿಸಿ ತೋರಿಸಿ, ಅದರ ಬೆಲೆಯನ್ನು ಯುಗಾದಿಯೊಳಗೆ ಕಂತಿನಲ್ಲಿ ತೀರಿಸುತ್ತೇನೆಂದು ಹೇಳಿದಳು. ಕೆನೆಬಣ್ಣದ ರೇಷ್ಮೆಯವರು ತಮ್ಮ ಮನೆಯೊಳಗೂ ನೀರು ಬಂದಿದ್ದರಿಂದ ಹಣ ಬೇಡವೆಂದರು. ಇನ್ನೊಬ್ಬರು ಬೇಕೆಂದರು, ಅವರಿಗೆ ಹೇಳಿದಂತೆಯೇ ತೀರಿಸಿದಳು. ಕೈಯಲ್ಲಿದ್ದ ಉಳಿತಾಯದ ಬಹುಪಾಲು ಇದರಲ್ಲೇ ಮುಗಿಯಿತು, ಹೊಸ ಮೆಷಿನ್ ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ಇದನ್ನು ಅವಳ ಒಳ್ಳೆಯತನವೆಂದು ಹೊಗಳುವವರಿದ್ದಾರೆ. ನನಗೆ ಅದು ಕಸುಬಿನ ಲೆಕ್ಕವೆಂದೇ ತೋರುತ್ತದೆ. ಮುಂದಿನ ಮಾಘದ ಮದುವೆಗೆ ರೇಷ್ಮೆ ಕಣ ಕೊಡುವವರು ಈ ಮನೆಗಳವರೇ ಆಗಿದ್ದರು.

ಅನಂತರ ಮೆಷಿನ್‌ಗಳ ಸರದಿ. ಅಂಗಡಿಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಕಪ್ಪು ಮೆಷಿನ್ ಒಂದು, ಮೋಟರಿನ ಮೆಷಿನ್ ಒಂದು, ಪೀಕೋ ಮಾಡುವುದೊಂದು, ಇಂಟರ್‌ಲಾಕ್ ಒಂದು ಇದ್ದವು. ರಿಪೇರಿಯವರು ನೋಡಿ, ಮೋಟರ್ ಸುರುಳಿಯೊಳಗೆ ತೇವವಿರುವಾಗ ಕರೆಂಟು ಕೊಟ್ಟರೆ ಸುಟ್ಟುಹೋಗುತ್ತದೆ, ಯಾವುದನ್ನೂ ಪ್ಲಗ್ಗಿಗೆ ಹಾಕಬೇಡಿ ಎಂದರು. ಮೂರಕ್ಕೂ ಸೇರಿ ಅವರು ಹೇಳಿದ ಖರ್ಚು ಅವಳ ಕೈಗೆ ಎಟುಕುವಂತಿರಲಿಲ್ಲ. ಅವುಗಳನ್ನು ಒರೆಸಿ, ಎಣ್ಣೆ ಸವರಿ, ಬಟ್ಟೆ ಹೊದಿಸಿ ಮೂಲೆಗಿಟ್ಟಳು. ಕಪ್ಪು ಮೆಷಿನ್ನೊಂದನ್ನೇ ಎಬ್ಬಿಸುವುದೆಂದು ತೀರ್ಮಾನಿಸಿದಳು, ಏಕೆಂದರೆ ಅದಕ್ಕೆ ಕರೆಂಟೇ ಬೇಡ.

ಅದರ ತಲೆಯನ್ನು ಮೇಜಿನಿಂದ ಬಿಚ್ಚಿ, ಕೆಳಭಾಗದ ಶಟಲ್, ಬಾಬಿನ್ ಕೇಸು, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲು, ಸೂಜಿಯ ಕೆಳಗಿನ ತಟ್ಟೆ, ಇಷ್ಟನ್ನೂ ಕಳಚಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟಳು. ತುಕ್ಕಿಗೆ ಬಿಗಿದ ಚಕ್ರವನ್ನು ಬಲವಂತವಾಗಿ ತಿರುಗಿಸಬಾರದು. ಸಂದುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಕಾದು, ಬೆಳಿಗ್ಗೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಿಸುತ್ತ ಬಿಡಿಸಬೇಕು. ಅದು ಸರಾಗವಾಗಿ ತಿರುಗಿದ ಮೇಲೆ ಸೀಮೆಎಣ್ಣೆಯನ್ನು ಪೂರ್ತಿ ಒರೆಸಿ ಮೆಷಿನ್ ಎಣ್ಣೆ ಹಾಕಬೇಕು, ಇಲ್ಲದಿದ್ದರೆ ಜಾರುವ ಗುಣವಿಲ್ಲದ ಸೀಮೆಎಣ್ಣೆ ಒಣಗಿ ಮತ್ತೆ ತುಕ್ಕು ಹಿಡಿಯುತ್ತದೆ. ಚರ್ಮದ ಬೆಲ್ಟು ನೆನೆದು ಹಿಗ್ಗಿತ್ತು, ಅದನ್ನು ಸ್ವಲ್ಪ ಕತ್ತರಿಸಿ ತಂತಿಯ ಕೊಂಡಿಯಿಂದ ಮತ್ತೆ ಸೇರಿಸಿದಳು. ಮೇಜಿನ ಹಲಗೆ ಪದರಪದರವಾಗಿ ಬಿಟ್ಟುಕೊಂಡಿದ್ದರಿಂದ ಬಡಗಿಯೊಬ್ಬರಿಂದ ಹಳೆಯ ಬಾಗಿಲಿನ ಹಲಗೆಯನ್ನು ಕೂರಿಸಿಕೊಂಡಳು.

ಮೆಷಿನ್ ಓಡಿತೆಂದ ಮಾತ್ರಕ್ಕೆ ಅದು ಹೊಲಿಯುತ್ತದೆಂದಲ್ಲ. ಮೊದಲು ದಾರವಿಲ್ಲದೆ ಕಾಗದದ ಮೇಲೆ ಹೊಲಿದು, ತೂತುಗಳ ಅಂತರ ಒಂದೇ ಸಮನಾಗಿದೆಯೇ ಎಂದು ನೋಡಿದಳು. ಆಮೇಲೆ ಹತ್ತಿ ಬಟ್ಟೆ. ಮೇಲೆ ಹೊಲಿಗೆ ಸರಿಯಾಗಿದ್ದು ಕೆಳಗೆ ದಾರ ಉಂಗುರ ಉಂಗುರವಾಗಿ ಜೋತುಬಿದ್ದಿತು, ಅಂದರೆ ಮೇಲಿನ ದಾರದ ಬಿಗಿ ಸಾಲದು. ಬಿಗಿ ಕೊಡುವ ಎರಡು ಬಿಲ್ಲೆಗಳ ನಡುವೆ ಕೆಸರಿನ ಪುಡಿ ಸೇರಿಕೊಂಡು ಅವು ಕೂಡುತ್ತಲೇ ಇರಲಿಲ್ಲ, ಅದನ್ನು ಒರೆಸಿದ ಮೇಲೆ ಸರಿಹೋಯಿತು. ಬಳಿಕ ದಾರ ನಾರುನಾರಾಗಿ ಸೀಳಿ ತುಂಡಾಗತೊಡಗಿತು. ಉಗುರನ್ನು ಶಟಲಿನ ಮೂತಿಯ ಮೇಲೆ ಎಳೆದು ನೋಡಿದಾಗ ತುಕ್ಕು ತಿಂದ ಜಾಗದಲ್ಲಿ ಸಣ್ಣ ಮುಳ್ಳಿನಂಥದು ಸಿಕ್ಕಿತು. ಅತಿ ನಯವಾದ ಉಜ್ಜುಕಾಗದದಿಂದ ಅದನ್ನು ತೀಡಿದಳು. ಕೊನೆಯ ಪರೀಕ್ಷೆ ರೇಷ್ಮೆಯ ಚೂರಿನ ಮೇಲೆ. ಅಲ್ಲಿ ಹೊಲಿಗೆಯ ಉದ್ದಕ್ಕೂ ಒಂದೊಂದು ಎಳೆ ಸೆಳೆದು ಗೆರೆಬಿದ್ದಂತೆ ಕಾಣುತ್ತಿತ್ತು. ಹೊಸ 11ನೇ ನಂಬರಿನ ಸೂಜಿ ಹಾಕಿದರೂ ಗೆರೆ ಹೋಗದಿದ್ದಾಗ, ತಪ್ಪು ಸೂಜಿಯದಲ್ಲ, ತಟ್ಟೆಯ ರಂಧ್ರದ ಅಂಚಿನದು ಎಂದು ಗೊತ್ತಾಯಿತು. ಆ ತಟ್ಟೆ ಹಳೆಯ ಮಾದರಿಯದಾದ್ದರಿಂದ ಊರಿನಲ್ಲಿ ಎಲ್ಲಿಯೂ ಸಿಗಲಿಲ್ಲ. ಅದು ಸಿಗುವವರೆಗೆ ರೇಷ್ಮೆ ಮುಟ್ಟುವುದಿಲ್ಲವೆಂದು ಅವಳು ನಿಶ್ಚಯಿಸಿದಳು. ದಸರೆಯ ಮುಂದೆ ಇಬ್ಬರು ರೇಷ್ಮೆ ಕಣ ತಂದಾಗ ಎದುರು ಬೀದಿಯ ಟೈಲರ್ ಅಂಗಡಿಗೆ ಕಳುಹಿಸಿಕೊಟ್ಟಳು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಹಾಗೆ ಕಳುಹಿಸುವುದು ಎಷ್ಟು ಕಷ್ಟವೆಂದು ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತು.

ಆ ವರ್ಷದ ಕೆಲಸವಿಲ್ಲದ ಕಾಲ ಬಹಳ ಉದ್ದವಾಗಿ ಎಳೆಯಿತು. ಗೌರಿ ಗಣೇಶ ಸೆಪ್ಟೆಂಬರ್ ಮೊದಲಲ್ಲೇ ಬಂದು ಹೋಯಿತು. ಅನಂತರ ಪಿತೃಪಕ್ಷ. ದಸರೆ, ದೀಪಾವಳಿಗಳಿದ್ದರೂ ನೀರು ಹೊಕ್ಕ ಮನೆಗಳವರು ಗೋಡೆ, ಹಾಸಿಗೆ, ಮಕ್ಕಳ ಪುಸ್ತಕಗಳಿಗೆ ಹಣ ಹಾಕುತ್ತಿದ್ದರೇ ಹೊರತು ಹೊಸ ರವಿಕೆಗಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಆಗಲೂ ಮದುವೆಗಳಿಲ್ಲ. ಬಂದ ಕೆಲಸವೆಂದರೆ ಆಲ್ಟ್ರೇಷನ್. ಪ್ರವಾಹದ ಪರಿಹಾರವೆಂದು ಹಂಚಿದ್ದ ಬಟ್ಟೆಗಳು ಯಾರ ಮೈಗೂ ಸರಿಯಾಗಿರಲಿಲ್ಲ. ದೊಗಳೆ ಚೂಡಿದಾರ್ ಹಿಡಿಸುವುದು, ನೈಟಿಯ ಉದ್ದ ಕಡಿಮೆ ಮಾಡುವುದು, ಹುಡುಗರ ಪ್ಯಾಂಟಿನ ಸೊಂಟ ಕಿರಿದು ಮಾಡುವುದು, ಹೊಸ ಹಾಸಿಗೆಗೆ ಗೌಸು ಹೊಲಿಯುವುದು, ಇಂಥವನ್ನೇ ಇಪ್ಪತ್ತು ಮೂವತ್ತು ರೂಪಾಯಿಗೆ ಮಾಡಿಕೊಟ್ಟಳು. ಬಾಡಿಗೆಯನ್ನು ಹೊತ್ತದ್ದು ಮಾತ್ರ ಸೀರೆಗೆ ಫಾಲ್ ಹಾಕುವ ಕೆಲಸ. ಫಾಲ್ ಮತ್ತು ಪೀಕೋಗೆ ಸೇರಿ ಆಗ 80 ರೂಪಾಯಿ ತೆಗೆದುಕೊಳ್ಳುತ್ತಿದ್ದಳು. ಅದರಲ್ಲಿ ಫಾಲ್ ಬಟ್ಟೆಗೆ 20, ಎದುರು ಅಂಗಡಿಯಲ್ಲಿ ಪೀಕೋ ಮಾಡಿಸುವುದಕ್ಕೂ ದಾರಕ್ಕೂ 20 ಹೋಗಿ 40 ಉಳಿಯುತ್ತಿತ್ತು. ಅಂಗಡಿಯ ಬಾಡಿಗೆ 2,000 ರೂಪಾಯಿ. ಅಂದರೆ ತಿಂಗಳಿಗೆ 50 ಸೀರೆ ಕೈಸೇರಿದರೆ ಬಾಗಿಲು ತೆರೆದಿರುತ್ತದೆ. ಆ ಲೆಕ್ಕವನ್ನು ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಇಡುತ್ತಿದ್ದಳು.

ಸೀರೆ ಬಂದ ದಿನವೇ ಫಾಲ್ ಹಾಕಿ ಕೊಡಿ ಎಂದು ಕೇಳುವವರು ಬಹಳ. ಅವಳು ಒಂದು ದಿನ ಕೇಳುತ್ತಿದ್ದಳು. ಹೊಸ ಹತ್ತಿ ಫಾಲನ್ನು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹಾಕಬೇಕು. ಹಾಗೆಯೇ ಹಾಕಿದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ, ಸೀರೆಯ ಅಂಚು ಉದ್ದಕ್ಕೂ ಸುರುಟಿಕೊಳ್ಳುತ್ತದೆ, ಉಟ್ಟಾಗ ನೆರಿಗೆ ನೇರ ನಿಲ್ಲುವುದಿಲ್ಲ. ರವಿಕೆಯ ಲೈನಿಂಗ್ ಬಟ್ಟೆಗೂ ಇದೇ ಮಾತು. ನೀನು ಆತುರದ ಗಿರಾಕಿಗೆ ಮಣಿಯಬಾರದ ಕಡೆ ಇದೂ ಒಂದು.

ಹೀಗೆ ಸಣ್ಣ ಕೆಲಸಕ್ಕೆ ಬಂದವರಿಂದಲೇ ಅವಳು ಅಳತೆ ಪುಸ್ತಕವನ್ನು ಮತ್ತೆ ಕಟ್ಟಿದಳು. ಮೊದಲಾದರೆ ಹಬ್ಬದ ಗಡಿಬಿಡಿಯಲ್ಲಿ ಗಿರಾಕಿ ತಂದ ಹಳೆಯ ರವಿಕೆಯನ್ನು ಇಟ್ಟುಕೊಂಡು ಅದರಂತೆಯೇ ಕತ್ತರಿಸುವುದು ರೂಢಿ. ಈಗ ಸಮಯವಿತ್ತು. ಪ್ರತಿಯೊಬ್ಬರನ್ನೂ ನಿಲ್ಲಿಸಿ ಟೇಪು ಹಿಡಿದು, ಎದೆ, ಸೊಂಟ, ಭುಜ, ಕಂಕುಳ ಸುತ್ತು, ತೋಳು, ಪೂರ್ತಿ ಉದ್ದ, ಭುಜದಿಂದ ಡಾಟಿನ ತುದಿಯವರೆಗಿನ ಉದ್ದ ಬರೆದುಕೊಂಡು, ಕಂದು ಕಾಗದದ ಮೇಲೆ ಅವರ ಅಚ್ಚು ಕತ್ತರಿಸಿ, ಹೆಸರು ಬರೆದು ಮೊಳೆಗೆ ತೂಗುಹಾಕಿದಳು.

ಅದರಲ್ಲಿ ಒಬ್ಬರ ಸಂಗತಿಯನ್ನು ವಿವರವಾಗಿ ಹೇಳುತ್ತೇನೆ. ಪ್ರಾಥಮಿಕ ಶಾಲೆಯ ಮೇಡಂ ಒಬ್ಬರು, ಎದೆಯ ಸುತ್ತಳತೆ 36 ಅಂಗುಲ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ರವಿಕೆ ಪೂರ್ತಿ ಮೇಲಕ್ಕೆ ಬರುತ್ತದೆ, ಕಂಕುಳು ಬಿಗಿ, ಇನ್ನೂ ಸ್ವಲ್ಪ ಕೆಳಕ್ಕೆ ಕತ್ತರಿಸಿ ಸಡಿಲ ಮಾಡಿಕೊಡಿ ಎಂದು ಅವರು ಕೇಳಿದರು. ಬೇರೆ ಕಡೆ ಎರಡು ಸಲ ಹಾಗೆಯೇ ಕತ್ತರಿಸಿಕೊಟ್ಟಿದ್ದರಂತೆ, ಪ್ರತಿ ಸಲವೂ ತೊಂದರೆ ಹೆಚ್ಚಿತ್ತು. ಚಿಕ್ಕಮ್ಮ ಅವರ ಕೈ ಎತ್ತಿಸಿ, ಇಳಿಸಿ ನೋಡಿ, ಕಂಕುಳ ಕೊರೆತ ಬಿಗಿಯಾಗಿಲ್ಲ, ಬೇಕಾದುದಕ್ಕಿಂತ ಕೆಳಗಿದೆ ಎಂದಳು. ಕೊರೆತ ಕೆಳಗಿದ್ದಷ್ಟೂ ತೋಳು ರವಿಕೆಯ ಪಕ್ಕಕ್ಕೆ ಕೆಳಗೆ ಹೋಗಿ ಅಂಟಿಕೊಳ್ಳುತ್ತದೆ, ಕೈ ಎತ್ತಿದಾಗ ಆ ಪಕ್ಕವನ್ನೇ ಎಳೆದುಕೊಂಡು ಮೇಲೇರುತ್ತದೆ. ಕೊರೆತ ಕಂಕುಳಿಗೆ ಹತ್ತಿರವಿದ್ದರೆ ತೋಳು ಮಾತ್ರ ಏಳುತ್ತದೆ, ರವಿಕೆ ಇದ್ದಲ್ಲೇ ಇರುತ್ತದೆ. ಆದರೆ ಕತ್ತರಿಸಿದ ಬಟ್ಟೆಯನ್ನು ಮತ್ತೆ ಸೇರಿಸಲಾಗುವುದಿಲ್ಲವಾದ್ದರಿಂದ ಹಳೆಯ ರವಿಕೆಗಳಿಗೆ ಏನೂ ಮಾಡಲು ಬರುವಂತಿರಲಿಲ್ಲ. ಅದನ್ನು ಅವರಿಗೆ ನೇರವಾಗಿ ಹೇಳಿದಳು.

ಹೊಸದಕ್ಕೆ ಮೊದಲು ಮಾಂಜರಪಾಟು ಬಟ್ಟೆಯಲ್ಲಿ ಒಂದು ಮಾದರಿ ಹೊಲಿದಳು. 36ರ ಕಾಲು ಭಾಗ 9 ಅಂಗುಲ, ಅದಕ್ಕೆ ಉಸಿರಾಡಲು ಅರ್ಧ ಅಂಗುಲ, ಪಕ್ಕದ ಹೊಲಿಗೆಯ ಒಳಗೆ ಮುಂದೆ ಬಿಡಿಸಿಕೊಳ್ಳಲು ಒಂದೂವರೆ ಅಂಗುಲ ಮಾರ್ಜಿನ್. ಕಂಕುಳ ಕೊರೆತವನ್ನು ಹಳೆಯದಕ್ಕಿಂತ ಮುಕ್ಕಾಲು ಅಂಗುಲ ಮೇಲಕ್ಕೆ ತಂದು, ತೋಳಿನ ಅಗಲವನ್ನು ರಟ್ಟೆಯ ಹತ್ತಿರ ಅರ್ಧ ಅಂಗುಲ ಹೆಚ್ಚಿಸಿದಳು. ಮೊದಲ ಸಲ ತೊಡಿಸಿದಾಗ ಕೈ ಚೆನ್ನಾಗಿ ಎದ್ದರೂ ಮುಂಭಾಗದಲ್ಲಿ ಕಂಕುಳಿನಿಂದ ಎದೆಯ ಕಡೆಗೆ ಓರೆಯಾದ ಸುಕ್ಕೊಂದು ಬಿತ್ತು. ಅಲ್ಲಿ ಪಿನ್ನು ಚುಚ್ಚಿ ಹೆಚ್ಚಿನ ಬಟ್ಟೆಯನ್ನು ಹಿಡಿದು, ಅಷ್ಟನ್ನೇ ಮುಂಭಾಗದ ಕೊರೆತದಿಂದ ತೆಗೆದು ಅಚ್ಚನ್ನು ತಿದ್ದಿದಳು. ಹಿಂಭಾಗವನ್ನು ಮುಟ್ಟಲಿಲ್ಲ. ಆ ಮೇಡಂ ಗೋಡೆಯ ಕಡೆ ತಿರುಗಿ ಬೋರ್ಡಿನ ಮೇಲೆ ಬರೆಯುವಂತೆ ಕೈಯಾಡಿಸಿ ನೋಡಿಕೊಂಡು, ಆರು ಹತ್ತಿ ರವಿಕೆಗಳಿಗೆ ಕಣ ತಂದುಕೊಟ್ಟರು. ಅವರ ಶಾಲೆಯ ಇತರರು ಒಬ್ಬೊಬ್ಬರಾಗಿ ಬಂದದ್ದು ಆಮೇಲೆ. ಬಿಡುವಿಲ್ಲದ ಶ್ರಾವಣದಲ್ಲಾಗಿದ್ದರೆ ಒಂದು ರವಿಕೆಗೆ ಇಷ್ಟು ಹೊತ್ತು ಕೊಡಲು ಯಾರಿಂದಲೂ ಆಗುತ್ತಿರಲಿಲ್ಲ. ಖಾಲಿ ದಿನಗಳನ್ನು ಅವಳು ಹಾಕಿದ್ದು ಇಂಥ ಕೆಲಸಕ್ಕೆ.

ಡಿಸೆಂಬರಿನಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ಮಾದರಿಯ ಕೆಟ್ಟ ಮೆಷಿನ್ ಸಿಕ್ಕಿ, ಅದರಿಂದ ತಟ್ಟೆ ಬಂತು. ರೇಷ್ಮೆಯ ಚೂರಿನ ಮೇಲೆ ಹೊಲಿಗೆ ಗೆರೆಯಿಲ್ಲದೆ ಕೂತದ್ದನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದಳು. ಅದೇ ತಿಂಗಳು, ಬಾಡಿಗೆ ಕಳೆದು ಉಳಿಸಿದ್ದರಲ್ಲಿ ಮೋಟರಿನ ಮೆಷಿನ್ನಿಗೆ ಹೊಸ ಸುರುಳಿ ಸುತ್ತಿಸಿದಳು. ಪೀಕೋ ಮೆಷಿನ್ ಎದುರು ಅಂಗಡಿಯಲ್ಲಿ ಇದ್ದೇ ಇರುವುದರಿಂದ ತನ್ನದನ್ನು ರಿಪೇರಿ ಮಾಡಿಸದೆ ಹಾಗೆಯೇ ಮಾರಿಬಿಟ್ಟಳು. ಇಂಟರ್‌ಲಾಕಿಗೆ ಇನ್ನೂ ಹಣ ಸಾಲದಿದ್ದುದರಿಂದ ಅಂಚುಗಳನ್ನು ಒಳಮಡಿಚಿ ಹೊಲಿಯುತ್ತಿದ್ದಳು, ಅದು ನಿಧಾನದ ಕೆಲಸವಾದರೂ ಗಿರಾಕಿಗಳಿಗೆ ಅದೇ ಹಿಡಿಸಿತು.

ಸಂಕ್ರಾಂತಿ ಕಳೆದು ಮದುವೆಯ ಬಟ್ಟೆ ಬರತೊಡಗಿದಾಗ ಎಷ್ಟು ಒಪ್ಪಿಕೊಳ್ಳಬೇಕೆಂಬ ಪ್ರಶ್ನೆ ಬಂತು. ಲೈನಿಂಗ್ ಹಾಕಿದ ಒಂದು ರೇಷ್ಮೆ ರವಿಕೆಗೆ ಕತ್ತರಿಸುವುದರಿಂದ ಹುಕ್ಸಿನವರೆಗೆ ಅವಳಿಗೆ ಸುಮಾರು ಮೂರು ಗಂಟೆ ಬೇಕು. ದಿನಕ್ಕೆ ಮೂರಕ್ಕಿಂತ ಹೆಚ್ಚು ಬರೆದುಕೊಳ್ಳುವುದಿಲ್ಲ, ಮದುವೆಗೆ ನಾಲ್ಕು ದಿನ ಮೊದಲು ತೊಟ್ಟು ನೋಡದ ರವಿಕೆಯನ್ನು ಕೊಡುವುದಿಲ್ಲ ಎಂದು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟಳು. ಅದಾದ ಮೇಲೆ ಮಾರ್ಚಿನಲ್ಲಿ ಬಂದ ಲಾಕ್‌ಡೌನಿನ ಕಥೆ ಬೇರೆಯೇ, ಅದನ್ನು ನೀನು ಮನೆಯಲ್ಲಿದ್ದು ನೋಡಿದ್ದೀಯೆ. ಆ ಹೊತ್ತಿಗೆ ಅವಳ ಮೇಲೆ ಮೆಷಿನ್ನಿನ ಸಾಲವೊಂದೂ ಇರಲಿಲ್ಲ.

ನಿನ್ನ ಪ್ರಶ್ನೆಗೆ ಚಿಕ್ಕಮ್ಮನನ್ನೇ ಕೇಳಿದೆ. ನಾಲ್ಕು ಮೆಷಿನ್ ಬೇಡ, ಒಳ್ಳೆಯದೊಂದು ಹೊಲಿಗೆ ಮೆಷಿನ್ ಕೊಂಡು, ಪೀಕೋ ಮತ್ತು ಇಂಟರ್‌ಲಾಕನ್ನು ಆರಂಭದಲ್ಲಿ ಹೊರಗೆ ಮಾಡಿಸು ಎಂದಳು. ಉಳಿದ ಹಣದಲ್ಲಿ ಆರು ತಿಂಗಳ ಬಾಡಿಗೆಯನ್ನು ಬೇರೆಯಾಗಿ ತೆಗೆದಿಡಬೇಕಂತೆ. ನೀನು ನೋಡಿರುವ ಜಾಗದ ಬಗ್ಗೆಯೂ ಅವಳಿಗೆ ಕೇಳುವುದಿದೆ. ಕತ್ತರಿಸುವ ಮೇಜಿಗೆ ಹಗಲು ಬೆಳಕು ಎಡಗಡೆಯಿಂದ ಬೀಳುತ್ತದೆಯೇ, ರಸ್ತೆಗಿಂತ ನೆಲ ಎತ್ತರವಿದೆಯೇ, ಪ್ಲಗ್ಗುಗಳು ಸೊಂಟದೆತ್ತರದಲ್ಲಿವೆಯೇ ಎಂಬುದನ್ನು ನೋಡಿ ಬರೆ. ಬಾಡಿಗೆ ಎಷ್ಟೆಂದು ತಿಳಿಸಿದರೆ, ತಿಂಗಳಿಗೆ ಎಷ್ಟು ಫಾಲ್ ಬೇಕಾಗುತ್ತದೆಂಬ ಲೆಕ್ಕವನ್ನು ನಾವಿಬ್ಬರೂ ಕೂತು ಹಾಕಿ ಕಳುಹಿಸುತ್ತೇವೆ. ಮುಂದಿನ ಸಲ ಬರುವಾಗ ಐದು ಮೀಟರ್ ಮಾಂಜರಪಾಟು ತರಬೇಕೆಂದೂ, ನಿನ್ನ ಕೈಯಿಂದ ಒಂದು ಅಚ್ಚು ಕತ್ತರಿಸಿ ನೋಡುತ್ತೇನೆಂದೂ ಹೇಳಿದ್ದಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಪ್ರೀತಿಯ,
ಅಮ್ಮ